ಮುಖದ ಮೇಲೆ ಬರೆದ ಮುಪ್ಪು

ಮಂಗಳೂರು ಎಂದೊಡನೆ ವಾಚಕರ ಮನಸ್ಸು ಕಡಲತೀರಕ್ಕೆ ಓಡುವುದು ಸಹಜ. ನಾವು ಹೇಳಹೊರಟಿರುವುದು ಕೊಪ್ಪಳ ಜಿಲ್ಲೆಯಲ್ಲಿ, ಯಲಬುರ್ಗಾ ಸೀಮೆಯಲ್ಲಿರುವ ಮಂಗಳೂರಿನ ಸಂಗತಿ. ಅಲ್ಲಿನ ಒಂದು ಪ್ರೌಢಶಾಲೆಯ ಮಕ್ಕಳು ಯಯಾತಿಯ ಕಥೆಯನ್ನು ನಾಟಕವಾಗಿ ಆಡಲು ಸಿದ್ಧತೆ ನಡೆಸಿದ್ದರು. ತಂದೆಯ ಮುಪ್ಪನ್ನು ಮಗ ಪೂರು ತಾನು ಹೊರುವ ಮಹಾಭಾರತದ ಈ ಕಥೆ ನಮ್ಮ ನಾಟಕಕಾರರಿಗೆ ಪ್ರಿಯವಾದದ್ದು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾಯಿತು. ಪೂರುವಿನ ಪಾತ್ರ ಹದಿನೈದು ವರ್ಷದ ಹುಡುಗನದು. ಯುವಕನಾಗಿ ತೆರೆಯ ಹಿಂದೆ ಸರಿದ ಅವನು ಏಳೆಂಟು ನಿಮಿಷಗಳಲ್ಲಿ ಮುದುಕನಾಗಿ ಮರಳಬೇಕು. ಮೊದಲ ಪ್ರಯೋಗದಲ್ಲಿ ಅವನು ಹಾಗೆ ಮರಳಿದಾಗ, ನೋಡುತ್ತಿದ್ದ ಸಹಪಾಠಿಗಳು ಗೊಳ್ಳೆಂದು ನಕ್ಕರು. ನಾಟಕದಲ್ಲಿ ಎಲ್ಲಕ್ಕಿಂತ ಗಂಭೀರವಾಗಿರಬೇಕಾದ ಗಳಿಗೆಯದು!

ವೇಷಭೂಷಣಗಳ ಹೊಣೆ ಹೊತ್ತಿದ್ದ ಮಹಿಳೆ ಆ ಪ್ರಯೋಗದ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ ಬರೆದರು. ಅದನ್ನು ನಮಗೂ ತೋರಿಸಿದರು. ಅದರಲ್ಲಿದ್ದ ಮೂರು ದೂರುಗಳೂ ಬೆಳಕಿಗೆ ಸಂಬಂಧಿಸಿದವು. ಒಂದೊಂದಾಗಿ ಅವನ್ನು ಪರಿಶೀಲಿಸೋಣ.

ಮೊದಲನೆಯ ದೂರು ಹೀಗಿತ್ತು: “ಹತ್ತಿರದ ಚಿತ್ರದಲ್ಲಿ ಹಣೆಯ ಆರು ಸುಕ್ಕುಗಳೂ ಚೆನ್ನಾಗಿವೆ. ಕೊನೆಯ ಸಾಲಿನಿಂದ ತೆಗೆದ ಚಿತ್ರದಲ್ಲಿ ಸುಕ್ಕೇ ಇಲ್ಲ. ಹಣೆಗೆ ಮಸಿ ಹತ್ತಿದಂತಿದೆ.”

ನಮ್ಮ ಕಣ್ಣು ಎರಡು ಗೆರೆಗಳನ್ನು ಬೇರೆಬೇರೆಯಾಗಿ ಕಾಣಬೇಕಾದರೆ, ಅವುಗಳ ನಡುವಣ ಅಂತರವು ಕಣ್ಣಿನಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟಾದರೂ ಕೋನವನ್ನುಂಟುಮಾಡಬೇಕು. ಸ್ಥೂಲವಾಗಿ ಹೇಳುವುದಾದರೆ, ಆ ಅಂತರವು ನೋಡುವ ದೂರದ 3,400ರಲ್ಲಿ ಒಂದು ಪಾಲಿಗಿಂತ ಕಡಿಮೆಯಿರಬಾರದು. ಶಾಲೆಯ ಅಂಗಳದಲ್ಲಿ ಕೊನೆಯ ಸಾಲು ರಂಗದಿಂದ 15 ಮೀಟರ್ ದೂರದಲ್ಲಿತ್ತು. ಅಷ್ಟು ದೂರಕ್ಕೆ ಈ ಮಿತಿ ಸುಮಾರು 4.4 ಮಿಲಿಮೀಟರ್ ಆಗುತ್ತದೆ. ಹುಡುಗನ ಹಣೆಯ ಮೇಲಿನ ಗೆರೆಗಳಾದರೋ 3 ಮಿಲಿಮೀಟರಿಗೊಂದರಂತೆ ಇದ್ದವು. ಆದ್ದರಿಂದ ಗೆರೆಯ ಕಪ್ಪೂ ನಡುವಣ ಚರ್ಮದ ಬಣ್ಣವೂ ಬೆರೆತು ಒಂದೇ ಬೂದುಬಣ್ಣವಾದವು. ಸುಕ್ಕು ಹೋಗಿ ಕೊಳೆ ಉಳಿಯಿತು.

ಕೈಯಲ್ಲಿ ಹಿಡಿದು ನೋಡುವ ಚಿತ್ರ ಈ ದೋಷವನ್ನು ಏಕೆ ಮರೆಮಾಡಿತು? ಹುಡುಗನ ಮುಖದ ಉದ್ದ 22 ಸೆಂಟಿಮೀಟರ್. ಹತ್ತಿರದಿಂದ ತೆಗೆದು ಅಚ್ಚು ಹಾಕಿಸಿದ ಚಿತ್ರದಲ್ಲಿ ಅದು 4.4 ಸೆಂಟಿಮೀಟರ್, ಎಂದರೆ ಐದರಲ್ಲಿ ಒಂದು ಪಾಲು. ಆ ಚಿತ್ರವನ್ನು 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ನಿಜವಾದ ಮುಖವನ್ನು ಒಂದೂವರೆ ಮೀಟರಿನಿಂದ ಕಂಡಂತಾಗುತ್ತದೆ. ಆದರೆ ಅಷ್ಟು ಹತ್ತಿರದಲ್ಲಿ ಪ್ರೇಕ್ಷಕರು ಯಾರೂ ಕುಳಿತಿರುವುದಿಲ್ಲ. ಕೊನೆಯ ಸಾಲಿನವರು ಕಾಣುವುದನ್ನು ಕಾಣಲು 15 ಮೀಟರಿನ ಐದನೆಯ ಒಂದು ಪಾಲು, ಅಂದರೆ 3 ಮೀಟರ್, ಹಿಂದೆ ಸರಿಯಬೇಕು. ಚಿತ್ರವನ್ನು ಗೋಡೆಗೆ ಅಂಟಿಸಿ ಅಷ್ಟು ದೂರ ನಿಂತು ನೋಡಿದಾಗ, ಅದೇ ಚೆನ್ನಾದ ಹಣೆ ಮಸಿ ಹತ್ತಿದ ಹಣೆಯಾಗಿ ಕಂಡಿತು. ವಾಚಕರು ಈ ಪರೀಕ್ಷೆಯನ್ನು ತಮ್ಮ ಮನೆಯಲ್ಲಿಯೇ ಮಾಡಿ ನೋಡಬಹುದು.

ಟಿಪ್ಪಣಿಯ ಎರಡನೆಯ ದೂರು: “ಸುಕ್ಕುಗಳನ್ನು ಅಗಲ ಮಾಡಿದೆವು. ಈಗ ಕಾಣುತ್ತವೆ, ಆದರೆ ಪಟ್ಟೆ ಎಳೆದಂತೆ ಕಾಣುತ್ತವೆ.”

ಸುಕ್ಕು ಎಂಬುದು ಗೆರೆಯಲ್ಲ. ಅದೊಂದು ಸಣ್ಣ ಕಣಿವೆ. ಬೆಳಕು ಮೇಲಿನಿಂದ ಬಿದ್ದಾಗ ಹಣೆಯ ಅಡ್ಡಸುಕ್ಕಿನ ಮೇಲ್ಗೋಡೆ ಕೆಳಮುಖವಾಗಿರುವುದರಿಂದ ಕತ್ತಲಾಗುತ್ತದೆ. ಕೆಳಗೋಡೆ ಮೇಲ್ಮುಖವಾಗಿರುವುದರಿಂದ ಬೆಳಗುತ್ತದೆ. ಕಪ್ಪು ಮತ್ತು ಬಿಳುಪಿನ ಈ ಜೋಡಿಯಿಂದಲೇ ನಮ್ಮ ಕಣ್ಣು ಆಳವನ್ನು ಊಹಿಸುತ್ತದೆ. ಬರಿಯ ಕಪ್ಪನ್ನು ಬರೆದರೆ ಅದು ಬಣ್ಣವೆನಿಸುತ್ತದೆಯೇ ಹೊರತು ಆಳವೆನಿಸುವುದಿಲ್ಲ. ಆದುದರಿಂದ ಪ್ರತಿಯೊಂದು ಕಂದುಗೆರೆಯ ಕೆಳಗೂ ಚರ್ಮಕ್ಕಿಂತ ತಿಳಿಯಾದ ಒಂದು ಪಟ್ಟಿಯನ್ನು ಎಳೆದು, ಕಂದುಗೆರೆಯ ಮೇಲಂಚನ್ನು ಬೆರಳಿನಿಂದ ತೀಡಿ ಚರ್ಮದಲ್ಲಿ ಕರಗಿಸಬೇಕು. ಕಣ್ಣಿನ ಕೆಳಗಣ ಚೀಲದಂತಹ ಉಬ್ಬಿನಲ್ಲಿ ಕ್ರಮ ತಿರುಗುಮುರುಗು: ಉಬ್ಬಿನ ಮೇಲೆ ತಿಳಿ, ಅದರ ಬುಡದಲ್ಲಿ ಕಂದು.

ಇಷ್ಟು ಮಾಡಿದರೂ ಒಂದು ವಿಘ್ನ ಉಳಿದಿತ್ತು. ರಂಗದ ಮುಂದಣ ನೆಲದ ಮೇಲೆ ಎರಡು ದೀಪಗಳನ್ನು ಇಟ್ಟಿದ್ದರು. ಕೆಳಗಿನಿಂದ ಬಂದ ಬೆಳಕು ಹುಬ್ಬಿನ ಕೆಳಭಾಗವನ್ನೂ ಗಲ್ಲದ ಅಡಿಯನ್ನೂ ಬೆಳಗಿಸಿತು. ಮುಖದ ನಿಜವಾದ ನೆರಳುಗಳು ಒಂದು ದಿಕ್ಕನ್ನು ಹೇಳಿದರೆ ಬರೆದ ನೆರಳುಗಳು ಅದಕ್ಕೆ ವಿರುದ್ಧವಾದ ದಿಕ್ಕನ್ನು ಹೇಳಿದವು. ಇದಕ್ಕೆ ಬಣ್ಣದಲ್ಲಿ ಪರಿಹಾರವಿಲ್ಲ. ದೀಪಗಳನ್ನು ಎರಡು ಬದಿಯ ಬಿದಿರುಗಳಿಗೆ ಕಟ್ಟಿ, ಬೆಳಕು ಓರೆಯಾಗಿ ಮೇಲಿನಿಂದ ಬೀಳುವಂತೆ ಮಾಡಬೇಕಾಯಿತು.

ಮೂರನೆಯ ದೂರು ವಿಚಿತ್ರವಾದದ್ದು: “ಶಾಪದ ದೃಶ್ಯಕ್ಕೆ ಕೆಂಪು ದೀಪ ಹಾಕಿದೊಡನೆ ಹುಡುಗ ಮತ್ತೆ ಹುಡುಗನಾದ!”

ಅಂದು ಸುಕ್ಕುಗಳನ್ನು ಬರೆದದ್ದು ಕೆಂಪು ಹೆಚ್ಚಾಗಿದ್ದ ಬಣ್ಣದಿಂದ. ಬಿಳಿಯ ಬೆಳಕಿನಲ್ಲಿ ಆ ಗೆರೆ ಹಸಿರು ಮತ್ತು ನೀಲಿ ಕಿರಣಗಳನ್ನು ಹೀರುವುದರಿಂದ ಚರ್ಮಕ್ಕಿಂತ ಕಪ್ಪಾಗಿ ಕಾಣುತ್ತದೆ. ಕೆಂಪು ದೀಪದಲ್ಲಿ ಹೀರಲು ಆ ಕಿರಣಗಳೇ ಇಲ್ಲ. ಚರ್ಮವೂ ಗೆರೆಯೂ ಕೆಂಪನ್ನು ಹೆಚ್ಚುಕಡಿಮೆ ಸಮನಾಗಿ ಪ್ರತಿಫಲಿಸುವುದರಿಂದ ಅವುಗಳ ಭೇದ ಅಳಿಸಿಹೋಗುತ್ತದೆ. ಕಂದುಬಣ್ಣಕ್ಕೆ ಸ್ವಲ್ಪ ಕಪ್ಪನ್ನು ಬೆರೆಸಿದರೆ ಗೆರೆಯು ಎಲ್ಲ ಬಣ್ಣದ ಕಿರಣಗಳನ್ನೂ ಹೀರುತ್ತದೆ. ಯಾವ ದೀಪದಲ್ಲಿಯೂ ಅದು ನೆರಳಾಗಿಯೇ ಉಳಿಯುತ್ತದೆ.

ಇಲ್ಲಿ ಛಾಯಾಚಿತ್ರದ ಒಂದು ಮಿತಿಯನ್ನೂ ಹೇಳಬೇಕು. ಮೊಬೈಲಿನ ಕ್ಯಾಮೆರಾ ದೀಪದ ಬಣ್ಣವನ್ನು ತಾನಾಗಿಯೇ ಸರಿಪಡಿಸಲು ಯತ್ನಿಸುತ್ತದೆ, ಕತ್ತಲಾದ ಭಾಗಗಳನ್ನು ಬೆಳಗಿಸುತ್ತದೆ. ಹೀಗಾಗಿ ನಮ್ಮ ಕಣ್ಣು ಕಂಡದ್ದೂ ಚಿತ್ರ ಹೇಳಿದ್ದೂ ಬೇರೆಯಾಗಬಹುದು. ಇದನ್ನು ಪತ್ತೆಹಚ್ಚಲು ಆಕೆ ಸರಳವಾದ ಉಪಾಯವನ್ನು ಹೂಡಿದರು. ಪ್ರತಿ ಚಿತ್ರದಲ್ಲಿಯೂ ಬಣ್ಣ ಹಚ್ಚದ ಒಬ್ಬ ಸಹಪಾಠಿಯನ್ನು ಹುಡುಗನ ಪಕ್ಕದಲ್ಲಿ, ಅದೇ ಬೆಳಕಿನಲ್ಲಿ ನಿಲ್ಲಿಸಿದರು. ಅವನ ಕೈಯಲ್ಲಿ ಒಂದು ಬಿಳಿಯ ವಸ್ತ್ರ. ವಸ್ತ್ರವು ಕಣ್ಣಿಗೆ ಕಂಡಂತೆ ಚಿತ್ರದಲ್ಲಿ ಕಾಣದಿದ್ದರೆ ಆ ಚಿತ್ರದ ಬಣ್ಣವನ್ನು ನಂಬುವಂತಿಲ್ಲ. ಎರಡು ಮುಖಗಳ ನಡುವಣ ವ್ಯತ್ಯಾಸವೇ ಪ್ರಸಾಧನದ ನಿಜವಾದ ಅಳತೆ.

ಕೊನೆಯ ಟಿಪ್ಪಣಿಯಲ್ಲಿ ಆರು ಸುಕ್ಕುಗಳು ಮೂರಾಗಿದ್ದವು, ಒಂದಕ್ಕೊಂದು ಒಂದು ಸೆಂಟಿಮೀಟರ್ ಅಂತರದಲ್ಲಿ. ಅವುಗಳ ಸ್ಥಾನವನ್ನು ಊಹೆಯಿಂದ ಆರಿಸಲಿಲ್ಲ. ಹುಡುಗನಿಗೆ ಹುಬ್ಬೇರಿಸಲು ಹೇಳಿ, ಅವನ ಹಣೆಯೇ ಮಡಿಸಿಕೊಂಡ ಕಡೆ ಗುರುತು ಹಾಕಿದರು. ಹಣೆಯ ಸ್ನಾಯುವಿನ ಎಳೆಗಳು ಮೇಲಿಂದ ಕೆಳಕ್ಕೆ ಹರಿಯುವುದರಿಂದ ಮಡಿಕೆಗಳು ಅದಕ್ಕೆ ಅಡ್ಡಲಾಗಿ ಬೀಳುತ್ತವೆ. ಅಲ್ಲಿಯೇ ಬರೆದರೆ ಅವನು ಮಾತನಾಡುವಾಗ ಬರೆದ ಸುಕ್ಕೂ ನಿಜವಾದ ಮಡಿಕೆಯೂ ಒಟ್ಟಿಗೆ ಚಲಿಸುತ್ತವೆ. ಉಳಿದ ಸಮಯವನ್ನು ಕಪೋಲದ ಕುಳಿಗೂ ಕಣತಲೆಯ ತಗ್ಗಿಗೂ ಮೀಸಲಿಟ್ಟರು. ಎರಡು ಬೆರಳಗಲದ ಆ ನೆರಳು 15 ಮೀಟರ್ ದೂರಕ್ಕೂ ಸ್ಪಷ್ಟವಾಗಿ ತಲುಪುತ್ತದೆ. ಟಿಪ್ಪಣಿಯ ತುದಿಯಲ್ಲಿ ಒಂದು ಮಾತು ಅಡಿಗೆರೆ ಪಡೆದಿತ್ತು: “ಕೈಗಳನ್ನು ಮರೆತಿದ್ದೆವು. ಮುದುಕನ ಮುಖ, ಬಾಲಕನ ಕೈ!” ಬೆರಳ ಮೂಳೆಗಳ ನಡುವೆ ನಾಲ್ಕು ಕಂದು ಪಟ್ಟಿಗಳು ಸೇರಿದವು.

ಎರಡನೆಯ ಪ್ರಯೋಗದಲ್ಲಿ ಎಲ್ಲವೂ ಏಳು ನಿಮಿಷಗಳಲ್ಲಿ ಮುಗಿಯಿತು. ಪೂರು ತೆರೆಯಿಂದ ಹೊರಬಂದಾಗ ನಾವು ಕೊನೆಯ ಸಾಲಿನಲ್ಲಿ ಕುಳಿತಿದ್ದೆವು. ಈ ಸಲ ಯಾರೂ ನಗಲಿಲ್ಲ.