ವಿದೇಶಿ ಗ್ರಾಹಕರ ಇಮೇಲ್ ಓದುವ ಬಗೆ

‘ಪರ್ ಮೈ ಲಾಸ್ಟ್ ಇಮೇಲ್’ ಎಂದು ಲಂಡನ್ನಿನ ಅಥವಾ ನ್ಯೂಯಾರ್ಕಿನ ಗ್ರಾಹಕರು ಬರೆದರೆ, ‘ಇದನ್ನು ಆಗಲೇ ಹೇಳಿದ್ದೆ’ ಎಂಬ ಸಣ್ಣ ಅಸಮಾಧಾನ ಅದರಲ್ಲಿರುವುದು ಸಾಮಾನ್ಯ. ಅದಕ್ಕೆ ಉದ್ದನೆಯ ಕ್ಷಮೆ ಬೇಕಿಲ್ಲ; ಹಿಂದಿನ ಇಮೇಲ್ ತೆರೆದು, ಉತ್ತರ ಕೊಡದೆ ಬಿಟ್ಟ ಪ್ರಶ್ನೆಯನ್ನು ಹುಡುಕಬೇಕು. ಅಲ್ಲಿ ಇನ್‌ವಾಯ್ಸ್‌ನಲ್ಲಿ ಪರ್ಚೇಸ್ ಆರ್ಡರ್ ಸಂಖ್ಯೆ ಇಲ್ಲವೆಂದು ಬರೆದಿದ್ದರೆ, ಮೊದಲ ಸಾಲಿನಲ್ಲೇ ಆ ಸಂಖ್ಯೆ ಕೊಟ್ಟು, ತಿದ್ದಿದ ಇನ್‌ವಾಯ್ಸ್ ಲಗತ್ತಿಸಿದರೆ ಸಾಕು.

‘ಕೈಂಡ್ಲಿ ರಿವರ್ಟ್’ನಲ್ಲಿ ಸಿಟ್ಟಿಲ್ಲ. ಸಿಂಗಪುರದ ಕಚೇರಿಯಿಂದ ಬಂದರೆ ಸಾಮಾನ್ಯವಾಗಿ ‘ಉತ್ತರಿಸಿ’ ಎಂದರ್ಥ. ಅಮೆರಿಕದ ಸಾಫ್ಟ್‌ವೇರ್ ಗ್ರಾಹಕರು ‘ರಿವರ್ಟ್’ ಎಂದರೆ, ಮಾಡಿದ ಬದಲಾವಣೆಯನ್ನು ತೆಗೆದು ಹಿಂದಿನಂತೆ ಮಾಡಿ ಎಂದಾಗಬಹುದು. ಜತೆಗೆ ‘ಚೇಂಜ್’, ‘ವರ್ಷನ್’ ಎಂಬ ಪದವಿದ್ದರೆ ಹೆಚ್ಚಾಗಿ ಈ ಅರ್ಥವೇ. ಸಂಶಯವಿದ್ದರೆ, ಕೋಡ್ ಮುಟ್ಟುವ ಮೊದಲೇ ಒಂದು ಸಾಲು ಬರೆದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.