ಪ್ರಾಯೋಜಕರಿಗೆ ಬರೆದ ಎರಡು ಪತ್ರಗಳು

ನಮ್ಮೂರ ಕ್ರಿಕೆಟ್ ಸಂಘದ ಕಾರ್ಯದರ್ಶಿತ್ವ ಕಳೆದ ವರ್ಷ ನನ್ನ ಹೆಗಲಿಗೆ ಬಿದ್ದಿತು. ಬಿ.ಎ. ಓದುವವನು, ಪತ್ರ ಬರೆಯಬಲ್ಲನೆಂಬುದೇ ಅದಕ್ಕೆ ಕಾರಣ. ಬಟ್ಟೆ ಅಂಗಡಿಯ ಯಜಮಾನರೊಬ್ಬರಿಗೆ ನಾನು ಬರೆದ ಮೊದಲ ಪತ್ರದಲ್ಲಿ, ನಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ 2,100 ಫಾಲೋವರುಗಳಿರುವರೆಂದೂ, ಧನಸಹಾಯ ಮಾಡಿದಲ್ಲಿ ತಮಗೆ ಅಪಾರ ಪ್ರಚಾರ ದೊರೆಯುವುದೆಂದೂ ಬರೆದಿದ್ದೆ. ಮನೆಯಲ್ಲಿ ಓದಿ ಹೇಳಿದಾಗ, ಅಕ್ಷರ ಬಾರದ ನನ್ನ ತಂದೆಯವರು, "ಎಷ್ಟು ಬೇಕು ಅಂತ ಹೇಳಲೇ ಇಲ್ಲವಲ್ಲೋ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಯಜಮಾನರು ಪತ್ರ ಓದಿ ಕೇಳಿದ್ದು ಒಂದೇ ಮಾತು: "ಇವರಲ್ಲಿ ನನ್ನ ಅಂಗಡಿ ಮೆಟ್ಟಿಲು ಹತ್ತೋರು ಎಷ್ಟು ಜನ ಅಪ್ಪಾ?"

ಉತ್ತರ ನಮ್ಮಲ್ಲಿರಲಿಲ್ಲ. ನಮ್ಮ ಪುಟ ಖಾಸಗಿ ವ್ಯಕ್ತಿಗಳ ಪುಟದಂತೆ ಇತ್ತು. ಎಷ್ಟು ಖಾತೆಗಳಿಗೆ ತಲಪಿತೆಂಬ ಲೆಕ್ಕ ತೋರುವುದು ವೃತ್ತಿಪರ ಖಾತೆಗೆ ಮಾತ್ರ. ಬದಲಾಯಿಸಿಕೊಂಡು ಒಂದು ತಿಂಗಳು ಕಾದೆವು. ಹಾಕಿದ್ದು ಹನ್ನೆರಡು ಪೋಸ್ಟುಗಳು. ಬೌಂಡರಿ ಗೆರೆಯಲ್ಲಿ ಹಿಡಿದ ಕ್ಯಾಚಿನ ರೀಲೊಂದು 9,000 ಖಾತೆಗಳನ್ನು ಮುಟ್ಟಿತ್ತು. ಉಳಿದವು 650ರ ಆಸುಪಾಸು. ಒಟ್ಟು ಸರಾಸರಿ ತೆಗೆದರೆ 1,300 ದಾಟುತ್ತಿತ್ತು. ಗೆಳೆಯರು ಅದನ್ನೇ ಬರೆಯೆಂದರು. ಆದರೆ ಅಂತಹ ಕ್ಯಾಚು ಪ್ರತಿವಾರ ಸಿಗುವುದಿಲ್ಲ. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿಯುವುದೇ ನ್ಯಾಯ. ಇನ್ನು ಫಾಲೋವರುಗಳ ಊರುಗಳ ಪಟ್ಟಿಯಲ್ಲಿ ನಮ್ಮೂರಿನ ಪಾಲು ನೂರಕ್ಕೆ ನಲವತ್ತು. ಮಿಕ್ಕವರು ಬಹುಪಾಲು ಎದುರಾಳಿ ತಂಡಗಳ ಹುಡುಗರು! ಆ ಪಾಲನ್ನೇ ನೋಡಿದವರಿಗೂ ಅನ್ವಯಿಸಿದರೆ 650ರಲ್ಲಿ ಸುಮಾರು 260 ಮಂದಿ ಊರಿನವರು. ಇದು ಅಂದಾಜೇ ಹೊರತು ಎಣಿಕೆಯಲ್ಲ, ಫಾಲೋವರಲ್ಲದವರೂ ನೋಡುತ್ತಾರೆ.

ಎರಡನೆಯ ಪತ್ರದ ಮೊದಲ ಸಾಲಿನಲ್ಲೇ ಹಣದ ಮಾತು ಬಂತು: ಹದಿನೈದು ಜೆರ್ಸಿ, ತಲಾ 400ರಂತೆ 6,000, ಆರು ಚರ್ಮದ ಚೆಂಡು, ತಲಾ 500ರಂತೆ 3,000, ಒಟ್ಟು 9,000 ರೂಪಾಯಿ. ಬಳಿಕ 260ರ ಅಂದಾಜನ್ನು, ಅದು ಬಂದ ಬಗೆಯನ್ನು ಬರೆದು, ಪರದೆಯ ಚಿತ್ರವನ್ನು ಲಗತ್ತಿಸಿದೆ. ವ್ಯಾಪಾರ ಹೆಚ್ಚುವುದೆಂದು ಬರೆಯಲಿಲ್ಲ, ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿದ್ದುದು ಎಂಟು ಭಾನುವಾರ ಎಂಟು ಪೋಸ್ಟು, ಜೆರ್ಸಿಯ ಎದೆಯ ಮೇಲೆ ಅಂಗಡಿಯ ಗುರುತು, ಆ ಅವಧಿಯಲ್ಲಿ ಬೇರೆ ಬಟ್ಟೆ ಅಂಗಡಿಯ ಹೆಸರು ಹಾಕದಿರುವುದು. ಪ್ರತಿ ಪೋಸ್ಟಿನ ಮೇಲೂ 'ಪ್ರಾಯೋಜಿತ' ಎಂದು ತೋರಿಸುವೆವೆಂದೂ ಸೇರಿಸಿದೆ. ಹಣ ಪಡೆದು ಮಾಡಿದ ಪ್ರಚಾರವನ್ನು ಹಾಗೆಂದೇ ತಿಳಿಸಬೇಕೆಂಬುದು ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ. ಕೊನೆಯಲ್ಲಿ, ಸಂಘದ ಹೆಸರು ಹೇಳಿ ಬಂದ ಗಿರಾಕಿಗಳನ್ನು ಗಲ್ಲಾದ ಬಳಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕೆಂದು ಕೋರಿದೆ.

ಯಜಮಾನರು ಚೆಂಡಿನ ಬಾಬ್ತನ್ನು ಹೊಡೆದುಹಾಕಿ 6,000 ಕೊಟ್ಟರು. ಎಂಟು ವಾರಗಳಲ್ಲಿ ಅವರ ಪುಸ್ತಕದಲ್ಲಿ ಬಿದ್ದ ಗುರುತುಗಳು ಹನ್ನೊಂದು. ಅವುಗಳಲ್ಲಿ ಮೂವರು ನಮ್ಮ ತಂಡದವರೇ ಎಂಬುದನ್ನು ನಾನೇ ಹೋಗಿ ಹೇಳಿಬಂದೆ.