ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾಲದ ಫೋಟೊ: ಕಂತು ಎಷ್ಟು, ಒಟ್ಟು ಬಡ್ಡಿ ಎಷ್ಟು? ಮೊಬೈಲ್‌ನಲ್ಲೇ ಲೆಕ್ಕ ಹಾಕಿ

ಹನುಮಸಾಗರ, ಕುಷ್ಟಗಿ ಕಡೆ ಹಳೇ ಟ್ರ್ಯಾಕ್ಟರ್ ತಗೋಬೇಕು ಅಂತ ಒಂದು ಕಡೆ ವಿಚಾರಿಸಿದರೆ ಸಾಕು, ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ಸಾಲದ ಕೊಟೇಶನ್ ಫೋಟೊ ಬಂದಿರುತ್ತದೆ. ಅದರಲ್ಲಿ ಮೂರು ಅಂಕಿ ದೊಡ್ಡದಾಗಿ ಕಾಣುತ್ತವೆ: ಸಾಲದ ಮೊತ್ತ, ಬಡ್ಡಿ ದರ, ಅವಧಿ. ಈ ಮೂರೂ ಒಂದೇ ಇದ್ದರೂ, ಎರಡು ಕಂಪನಿಗಳ ನಡುವೆ ನೀವು ಕಟ್ಟುವ ಬಡ್ಡಿಯಲ್ಲಿ ಹತ್ತಿರ ಹತ್ತಿರ ಅರ್ಧ ಲಕ್ಷ ರೂಪಾಯಿ ವ್ಯತ್ಯಾಸ ಬರಬಹುದು. ಅದು ಹೇಗೆ, ಸಹಿ ಹಾಕುವ ಮೊದಲೇ ಅದನ್ನು ಹಿಡಿಯುವುದು ಹೇಗೆ ಅನ್ನೋದೇ ಈ ವಾರದ ಪಾಠ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಫೋಟೊದಲ್ಲಿ ಹೀಗಿದೆ ಅಂದುಕೊಳ್ಳಿ: ಸಾಲ ₹3,00,000, ಬಡ್ಡಿ 12%, ಅವಧಿ 36 ತಿಂಗಳು.

ಹಂತ 1: ಫೋಟೊ ಸರಿಯಾಗಿ ಓದಿ

ಫೋಟೊ ಜೂಮ್ ಮಾಡಿ, ಅಂಕಿಗಳನ್ನು ಒಂದು ಹಾಳೆ ಮೇಲೆ ಬರೆದುಕೊಳ್ಳಿ. ಮಸುಕಾದ ಫೋಟೊದಲ್ಲಿ 1 ಮತ್ತು 7, 3 ಮತ್ತು 8 ಒಂದೇ ಥರ ಕಾಣುತ್ತವೆ. 12.5 ರ ನಡುವಿನ ಚುಕ್ಕಿ ಮಾಯವಾಗಿರುತ್ತದೆ. ಅನುಮಾನ ಬಂದರೆ ಒರಿಜಿನಲ್ ಪಿಡಿಎಫ್ ಕಳಿಸಲು ಹೇಳಿ. ಫೋಟೊದ ಕೆಳಭಾಗ ಕತ್ತರಿಸಿ ಹೋಗಿದ್ದರಂತೂ ಕೇಳಲೇಬೇಕು. ಸಣ್ಣ ಅಕ್ಷರದ ಷರತ್ತುಗಳು ಇರುವುದೇ ಅಲ್ಲಿ.

ಬಡ್ಡಿ ದರದ ಪಕ್ಕ ಏನು ಬರೆದಿದೆ ನೋಡಿ. p.a. ಅಂದರೆ ವರ್ಷಕ್ಕೆ, p.m. ಅಂದರೆ ತಿಂಗಳಿಗೆ. ಊರಲ್ಲಿ ನಾವು "ನೂರಕ್ಕ ಒಂದು ರೂಪಾಯಿ ಬಡ್ಡಿ" ಅಂತೀವಲ್ಲ, ಅದು ತಿಂಗಳಿಗೆ 1%, ವರ್ಷಕ್ಕೆ 12%. ಹಾಗಾಗಿ ಫೋಟೊದಲ್ಲಿ 1.5% p.m. ಅಂತಿದ್ದರೆ ಅದು ಕಡಿಮೆ ಬಡ್ಡಿ ಅಲ್ಲ, ವರ್ಷಕ್ಕೆ 18%.

ಇನ್ನೊಂದು ಮುಖ್ಯ ಪದ ಹುಡುಕಬೇಕು: Flat ಇದೆಯೋ, Reducing ಇದೆಯೋ. ಎಷ್ಟೋ ಫೋಟೊಗಳಲ್ಲಿ ಈ ಎರಡೂ ಇರುವುದಿಲ್ಲ. ಹಾಗಿದ್ದಾಗ ನಾವೇ ಲೆಕ್ಕ ಹಾಕಿ ಕಂಡುಹಿಡಿಯಬೇಕು.

ಹಂತ 2: ರೆಡ್ಯೂಸಿಂಗ್ ಲೆಕ್ಕ

ರೆಡ್ಯೂಸಿಂಗ್ ಅಂದರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ಪ್ರತಿ ಕಂತಿನಲ್ಲೂ ಸ್ವಲ್ಪ ಅಸಲು ತೀರುತ್ತದೆ, ಮುಂದಿನ ತಿಂಗಳ ಬಡ್ಡಿ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಬ್ಯಾಂಕಿನ ಟರ್ಮ್ ಲೋನ್ ಸಾಮಾನ್ಯವಾಗಿ ಇದೇ ರೀತಿ.

ಮೊಬೈಲ್‌ನಲ್ಲಿ ಗೂಗಲ್ ಶೀಟ್ಸ್ ತೆರೆದು, ಒಂದು ಖಾಲಿ ಖಾನೆಯಲ್ಲಿ ಹೀಗೆ ಟೈಪ್ ಮಾಡಿ:

```
=PMT(12%/12, 36, -300000)
```

ಉತ್ತರ ಸುಮಾರು 9,964. ಇದೇ ತಿಂಗಳ ಕಂತು, ಅಂದರೆ ಇಎಂಐ.

ಇಲ್ಲಿ ಮೂರು ತಪ್ಪು ಆಗುತ್ತವೆ. ಮೊದಲನೆಯದು, 3,00,000 ಅಂತ ಕಾಮಾ ಹಾಕಿ ಟೈಪ್ ಮಾಡುವುದು. ಶೀಟ್ಸ್ ಅದನ್ನು ಬೇರೆ ಬೇರೆ ಅಂಕಿ ಅಂತ ತಿಳಿಯುತ್ತದೆ. ಎರಡನೆಯದು, % ಗುರುತು ಬಿಡುವುದು. ಮೂರನೆಯದು, ಬಡ್ಡಿ ತಿಂಗಳ ಲೆಕ್ಕದಲ್ಲಿಟ್ಟು ಅವಧಿಯನ್ನು ಮಾತ್ರ ವರ್ಷದಲ್ಲಿ ಹಾಕುವುದು. 36 ರ ಬದಲು 3 ಅಂತ ಹಾಕಿದರೆ ಕಂತು ₹1,02,007 ಅಂತ ಬರುತ್ತದೆ. ಮೂರು ಲಕ್ಷದ ಸಾಲಕ್ಕೆ ತಿಂಗಳಿಗೆ ಲಕ್ಷದ ಕಂತು ಕಂಡರೆ ತಪ್ಪು ಇಲ್ಲೇ ಆಗಿದೆ ಅಂತ ತಿಳಿಯಿರಿ.

ಇಂಟರ್ನೆಟ್ ಇಲ್ಲದಿದ್ದರೆ ಫೋನಿನ ಕ್ಯಾಲ್ಕ್ಯುಲೇಟರ್ ಅಡ್ಡ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಘಾತದ ಬಟನ್ (xʸ ಅಥವಾ ^) ಕಾಣುತ್ತದೆ. ಸೂತ್ರ ಇದು:

```
EMI = P × r × (1+r)^n / ((1+r)^n − 1)
```

P ಅಂದರೆ ಸಾಲ, r ಅಂದರೆ ತಿಂಗಳ ಬಡ್ಡಿ (12% ÷ 12 = 0.01), n ಅಂದರೆ ತಿಂಗಳುಗಳು. ಮೊದಲು 1.01 ರ ಘಾತ 36 ತೆಗೆಯಿರಿ, 1.43077 ಬರುತ್ತದೆ. ಸಾಲಕ್ಕೆ 0.01 ಗುಣಿಸಿದರೆ 3,000. ಈ 3,000 ಅನ್ನು 1.43077 ರಿಂದ ಗುಣಿಸಿ, 0.43077 ರಿಂದ ಭಾಗಿಸಿ. ಅದೇ 9,964 ಸಿಗುತ್ತದೆ.

ಈಗ ಒಟ್ಟು ಬಡ್ಡಿ. ಕಂತನ್ನು ತಿಂಗಳುಗಳಿಂದ ಗುಣಿಸಿ, ಅಸಲು ಕಳೆಯಿರಿ. 36 ಕಂತು ಸೇರಿ ಸುಮಾರು ₹3,58,715. ಅದರಲ್ಲಿ ಮೂರು ಲಕ್ಷ ಕಳೆದರೆ ಬಡ್ಡಿ ₹58,715.

ಮೊದಲ ತಿಂಗಳ 9,964 ರಲ್ಲಿ ಬಡ್ಡಿ 3,000, ಅಸಲಿಗೆ ಹೋಗಿದ್ದು 6,964. ಎರಡನೇ ತಿಂಗಳು ಉಳಿದ ಸಾಲ 2,93,036 ಆಗಿರುವುದರಿಂದ ಬಡ್ಡಿ 2,930 ಕ್ಕೆ ಇಳಿಯುತ್ತದೆ. ಕೊನೆ ಕಂತಿನ ಹೊತ್ತಿಗೆ ಬಡ್ಡಿ ₹100 ಕೂಡ ಇರುವುದಿಲ್ಲ.

ಹಂತ 3: ಫ್ಲ್ಯಾಟ್ ಲೆಕ್ಕ

ಫ್ಲ್ಯಾಟ್ ಬಡ್ಡಿಯಲ್ಲಿ ನೀವು ಎಷ್ಟೇ ಅಸಲು ತೀರಿಸಿದ್ದರೂ ಕೊನೆ ತಿಂಗಳವರೆಗೆ ಪೂರ್ತಿ ಮೂರು ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಲೆಕ್ಕ ಸುಲಭ:

ವರ್ಷದ ಬಡ್ಡಿ: 3,00,000 ರ 12% = ₹36,000
3 ವರ್ಷದ ಬಡ್ಡಿ: ₹1,08,000
ಒಟ್ಟು ಕಟ್ಟುವುದು: ₹4,08,000
ತಿಂಗಳ ಕಂತು: 4,08,000 ÷ 36 = ₹11,333

ಎರಡೂ ಫೋಟೊದಲ್ಲಿ ಬರೆದಿರುವುದು 12%. ಆದರೆ ಬಡ್ಡಿ ಒಂದರಲ್ಲಿ 58,715, ಇನ್ನೊಂದರಲ್ಲಿ 1,08,000. ವ್ಯತ್ಯಾಸ ₹49,285.

ಹಂತ 4: ಫೋಟೊದಲ್ಲಿ ಇರುವುದು ಯಾವುದು?

ಕೊಟೇಶನ್‌ನಲ್ಲಿ ಕಂತಿನ ಮೊತ್ತ ಇದ್ದರೆ ಹಿಂದಿನಿಂದ ಲೆಕ್ಕ ಹಾಕಿ. ಒಟ್ಟು ಬಡ್ಡಿಯನ್ನು ಅಸಲಿನಿಂದ ಭಾಗಿಸಿ, ಆಮೇಲೆ ವರ್ಷಗಳಿಂದ ಭಾಗಿಸಿ. ಕಂತು 11,333 ಇದ್ದರೆ: 1,08,000 ÷ 3,00,000 ÷ 3 = 0.12, ಅಂದರೆ 12%. ಫೋಟೊದಲ್ಲಿರುವ ದರವೇ ಬಂತು ಅಂದರೆ ಅದು ಫ್ಲ್ಯಾಟ್. ಕಂತು 9,964 ಇದ್ದರೆ ಇದೇ ಲೆಕ್ಕಕ್ಕೆ ಸುಮಾರು 6.5% ಬರುತ್ತದೆ. ಬರೆದಿರುವ ದರದ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದರೆ ಅದು ರೆಡ್ಯೂಸಿಂಗ್.

ಫ್ಲ್ಯಾಟ್ ಅಂತ ಗೊತ್ತಾದ ಮೇಲೆ ಅದರ ನಿಜವಾದ ದರ ತೆಗೆಯಬೇಕು. ಆಗಲೇ ಬ್ಯಾಂಕಿನ ದರದ ಜೊತೆ ಹೋಲಿಸಲು ಬರುವುದು. ಶೀಟ್ಸ್‌ನಲ್ಲಿ:

```
=RATE(36, -11333, 300000)*12
```

ಉತ್ತರ 0.212, ಅಂದರೆ ವರ್ಷಕ್ಕೆ 21.2%. ಒಂದು ಬ್ಯಾಂಕ್ 14% ರೆಡ್ಯೂಸಿಂಗ್ ಅಂತ ಹೇಳಿ, ಇನ್ನೊಬ್ಬರು 12% ಫ್ಲ್ಯಾಟ್ ಅಂತ ಹೇಳಿದರೆ, ಅಗ್ಗದ ಸಾಲ 14% ದ್ದೇ.

ಹಂತ 5: ಕೈಗೆ ಬರುವ ಹಣ ಎಷ್ಟು?

ಮೂರು ಲಕ್ಷ ಮಂಜೂರಾದರೂ ಖಾತೆಗೆ ಮೂರು ಲಕ್ಷ ಬರಲಿಕ್ಕಿಲ್ಲ. ಪ್ರೊಸೆಸಿಂಗ್ ಶುಲ್ಕ 2% ಅಂತ ಇಟ್ಟುಕೊಳ್ಳಿ: ₹6,000, ಅದರ ಮೇಲೆ 18% ಜಿಎಸ್‌ಟಿ ₹1,080. ಇದನ್ನು ಮೊದಲೇ ಹಿಡಿದುಕೊಂಡರೆ ಕೈಗೆ ಬರುವುದು ₹2,92,920. ಕಂತು ಮಾತ್ರ ಪೂರ್ತಿ ಮೂರು ಲಕ್ಷದ್ದೇ. ಮೇಲಿನ RATE ಸೂತ್ರದಲ್ಲಿ 300000 ಬದಲು 292920 ಹಾಕಿ ನೋಡಿ, ದರ ಸುಮಾರು 23% ಆಗುತ್ತದೆ. ಕಂತಿಗೆ ಸಾಲದ ವಿಮೆ ಸೇರಿಸಿದ್ದರೆ ಇನ್ನೂ ಏರುತ್ತದೆ. ವಿಮೆ ಬೇಕೋ ಬೇಡವೋ ಅನ್ನೋದನ್ನು ಬೇರೆಯಾಗಿ ಕೇಳಿ.

ಈ ಖರ್ಚೆಲ್ಲ ಸೇರಿದ ದರಕ್ಕೆ ಎಪಿಆರ್ ಅನ್ನುತ್ತಾರೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಮತ್ತು ಫೈನಾನ್ಸ್ ಕಂಪನಿಗಳು ಹೊಸ ರಿಟೇಲ್ ಹಾಗೂ ಎಂಎಸ್‌ಎಂಇ ಟರ್ಮ್ ಲೋನ್‌ಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕೊಡಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಎಪಿಆರ್, ಎಲ್ಲ ಶುಲ್ಕ, ಕಂತುವಾರು ಪಟ್ಟಿ ಅದರಲ್ಲಿರಬೇಕು. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ವಾಟ್ಸ್‌ಆ್ಯಪ್ ಫೋಟೊ ಈ ಹಾಳೆಗೆ ಬದಲಿ ಅಲ್ಲ. ಟ್ರ್ಯಾಕ್ಟರ್ ಸಾಲಕ್ಕೂ ಇದನ್ನು ಕೇಳಿ, ಏಜೆಂಟರಿಗೆ ನೇರವಾಗಿ ಹೇಳಿ: "ಸರ್ರ, ಬಡ್ಡಿ ಫ್ಲ್ಯಾಟ್ ಐತೇನ್ರಿ, ರೆಡ್ಯೂಸಿಂಗ್ ಐತೇನ್ರಿ? ಕೀ ಫ್ಯಾಕ್ಟ್ಸ್ ಹಾಳಿ ಕಳಸ್ರಿ, ನೋಡಿ ಹೇಳ್ತೀನಿ."

ತಿಂಗಳ ಕಂತು ನಮಗೆ ಹೊಂದುತ್ತದೆಯೇ?

ಲೆಕ್ಕ ಸರಿ ಇದ್ದರೂ ಇನ್ನೊಂದು ತೊಡಕಿದೆ. ನಮ್ಮ ಮಳೆಯಾಶ್ರಿತ ಹೊಲದಲ್ಲಿ ಹೆಸರು, ಸಜ್ಜೆ ಮಾರಿದಾಗ ಒಮ್ಮೆ, ತೊಗರಿ, ಕಡಲೆ ಮಾರಿದಾಗ ಇನ್ನೊಮ್ಮೆ ದುಡ್ಡು ಬರುತ್ತದೆ. ಪ್ರತಿ ತಿಂಗಳು 5ನೇ ತಾರೀಖಿಗೆ ಬರುವುದಿಲ್ಲ. ಅದಕ್ಕೇ ಕೃಷಿ ಸಾಲಗಳಲ್ಲಿ ಆರು ತಿಂಗಳಿಗೊಮ್ಮೆ ಕಟ್ಟುವ ಕಂತೂ ಇರುತ್ತದೆ. ಅದರ ಸೂತ್ರದಲ್ಲಿ ಬಡ್ಡಿಯನ್ನು 2 ರಿಂದ ಭಾಗಿಸಿ, ಕಂತು 6 ಅಂತ ಹಾಕಬೇಕು:

```
=PMT(12%/2, 6, -300000)
```

ಕಂತು ₹61,009, ಒಟ್ಟು ಬಡ್ಡಿ ಸುಮಾರು ₹66,053. ತಿಂಗಳ ಕಂತಿಗಿಂತ ₹7,300 ರಷ್ಟು ಜಾಸ್ತಿ, ಏಕೆಂದರೆ ಅಸಲು ನಿಧಾನವಾಗಿ ತೀರುತ್ತದೆ. ಆದರೆ ತಿಂಗಳ ಕಂತು ತಪ್ಪಿ ದಂಡ, ಚೆಕ್ ಬೌನ್ಸ್ ಶುಲ್ಕ ಕಟ್ಟುವ ಪರಿಸ್ಥಿತಿ ನಿಮ್ಮದಾಗಿದ್ದರೆ ಈ ಹೆಚ್ಚಿನ ಬಡ್ಡಿಯೇ ಲೇಸು. ಹಾಲಿನ ಅಥವಾ ಬಾಡಿಗೆಯ ಆದಾಯ ತಿಂಗಳಿಗೊಮ್ಮೆ ಬರುವವರಿಗೆ ತಿಂಗಳ ಕಂತೇ ಲಾಭ.

ಒಂದು ಮಾತು ನೆನಪಿರಲಿ: ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಇಎಂಐ ಇಲ್ಲ. ತೆಗೆದ ಹಣಕ್ಕೆ, ಇಟ್ಟುಕೊಂಡ ದಿನಗಳಿಗೆ ಬಡ್ಡಿ.

ನಿಮ್ಮ ಫೋನಿನಲ್ಲಿ ಈಗಾಗಲೇ ಒಂದು ಸಾಲದ ಫೋಟೊ ಇದ್ದರೆ, ಹಂತ 4ರ ಭಾಗಾಕಾರವನ್ನು ಇವತ್ತೇ ಅದಕ್ಕೆ ಮಾಡಿ ನೋಡಿ. ಬಂದ ಉತ್ತರ ಫೋಟೊದ ದರಕ್ಕೇ ಸಮ ಬಂದರೆ, RATE ಸೂತ್ರ ಹಾಕುವವರೆಗೆ ಅಡ್ವಾನ್ಸ್ ಕೊಡಬೇಡಿ.